'ಲಾಸೆನ್' ಅಂದರೆ ಬಿಡೋದಾ, ಮಾಡಿಸೋದಾ?

ಕೇಳಿದವರು (ಸ್ಟುಟ್‌ಗಾರ್ಟ್): ಜರ್ಮನಿಗೆ ಬಂದು ಏಳು ತಿಂಗಳಾಯ್ತು. ಇಲ್ಲಿನ ಒಂದು ಕಚೇರಿಗೆ ನನ್ನ ಜನನ ಪ್ರಮಾಣಪತ್ರದ ವಿಷಯವಾಗಿ ಮೇಲ್ ಬರೆದೆ: 'ಇಶ್ ಹಾಬೆ ಡೀ ಊರ್ಕುಂಡೆ ಯೂಬರ್‌ಜೆಟ್ಸ್ಟ್', ಪ್ರಮಾಣಪತ್ರ ಅನುವಾದ ಮಾಡಿದೀನಿ ಅಂತ. ಸ್ವಂತ ಅನುವಾದ ನಡೆಯೋಲ್ಲ, ಪ್ರಮಾಣಿತ ಅನುವಾದಕರಿಂದ ಮಾಡಿಸಿ ಅಂತ ಉತ್ತರ ಬಂತು. ನಾನು ದುಡ್ಡು ಕೊಟ್ಟು ಅವರ ಹತ್ತಿರಾನೇ ಮಾಡಿಸಿದ್ದು! ಇಲ್ಲಿ 'ಲಾಸೆನ್' ಬೇಕಿತ್ತು ಅಂತ ಗೆಳೆಯ ಹೇಳಿದ. ಆದರೆ ಕ್ಲಾಸಿನಲ್ಲಿ ಲಾಸೆನ್ ಅಂದರೆ 'ಬಿಡು' ಅಂತ ಕಲಿತಿದ್ದೆ. ನೀವೆಲ್ಲ ಇದನ್ನ ತಲೆಯಲ್ಲಿ ಹೇಗೆ ಇಟ್ಟುಕೊಂಡಿದ್ದೀರಿ?

ಮ್ಯೂನಿಕ್‌ನಿಂದ: ನನಗೂ ಇದೇ ಆಗಿತ್ತು, ಕಟಿಂಗ್ ವಿಷಯದಲ್ಲಿ. ಸೋಮವಾರ ಆಫೀಸಿಗೆ ಹೋಗಿ 'ಇಶ್ ಹಾಬೆ ಮೈನೆ ಹಾರೆ ಗೆಶ್ನಿಟನ್' ಅಂದೆ. ಎಲ್ಲರೂ ನನ್ನ ತಲೆಯ ಹಿಂಭಾಗ ನೋಡೋಕೆ ಶುರು ಮಾಡಿದರು, ಕನ್ನಡಿ ಇಟ್ಟುಕೊಂಡು ನಾನೇ ಕತ್ತರಿಸಿಕೊಂಡೆ ಅಂದುಕೊಂಡು. (ಹಾರೆ ಅಂದರೆ ಅವರಿಗೆ ಕೂದಲು. ಮೊದಲ ವಾರ ನನಗೆ ಗುದ್ದಲಿ, ಹಾರೆಯೇ ನೆನಪಾಗುತ್ತಿತ್ತು.)

ಸುಲಭ ಉಪಾಯ ಹೇಳ್ತೀನಿ. ಕನ್ನಡದಲ್ಲಿ 'ಇಸು' ಬಂದರೆ ಜರ್ಮನ್‌ನಲ್ಲಿ ಲಾಸೆನ್ ಹಾಕಿ. ಮಾಡಿಸಿದೆ, ಬರೆಸಿದೆ, ಹೊಲಿಸಿದೆ, ಎಲ್ಲಾ ಲಾಸೆನ್. ಅಷ್ಟೇ, ಮುಗೀತು.

ಜರ್ಮನ್ ಮೇಷ್ಟ್ರು, ಬೆಂಗಳೂರು: ಮುಗಿಯಲಿಲ್ಲ ಸರ್, ಅಲ್ಲಿಂದಲೇ ಶುರು! ಉಪಾಯ ಅರ್ಧ ಸರಿ. ಮೊದಲು ಆ ಅರ್ಧವನ್ನೇ ನೋಡೋಣ.

ಕೇಳಿದವರು ಬರೆಯಬೇಕಿದ್ದ ವಾಕ್ಯ: 'ಇಶ್ ಹಾಬೆ ಡೀ ಊರ್ಕುಂಡೆ ಯೂಬರ್‌ಜೆಟ್ಸೆನ್ ಲಾಸೆನ್.' ಕೊನೆಯ ಎರಡೂ ಕ್ರಿಯಾಪದಗಳು ಮೂಲ ರೂಪದಲ್ಲೇ ಇವೆ, ಗಮನಿಸಿ. ಭೂತಕಾಲ ಅಂತ 'ಗೆಲಾಸೆನ್' ಅಂದರೆ ಇಲ್ಲಿ ತಪ್ಪು. ಇನ್ನೊಂದು ಕ್ರಿಯೆಯ ಜೊತೆ ಬಂದಾಗ ಲಾಸೆನ್ ಹಾಗೇ ಉಳಿಯುತ್ತೆ. ಒಂಟಿಯಾಗಿ ಬಂದು 'ಬಿಟ್ಟು ಬಂದೆ' ಅನ್ನೋ ಅರ್ಥ ಕೊಟ್ಟಾಗ ಮಾತ್ರ ಗೆಲಾಸೆನ್: 'ಇಶ್ ಹಾಬೆ ಡೆನ್ ಶ್ಲ್ಯುಸೆಲ್ ಟ್ಸು ಹೌಜೆ ಗೆಲಾಸೆನ್', ಬೀಗದ ಕೈ ಮನೆಯಲ್ಲೇ ಬಿಟ್ಟು ಬಂದೆ.

ಕಟಿಂಗ್ ವಾಕ್ಯಕ್ಕೆ ಇನ್ನೊಂದು ಚೂರು ಬೇಕು: 'ಇಶ್ ಹಾಬೆ ಮಿಯರ್ ಡೀ ಹಾರೆ ಶ್ನೈಡೆನ್ ಲಾಸೆನ್.' ಆ 'ಮಿಯರ್' ಯಾಕೆ ಅಂತ ಮಕ್ಕಳು ಕೇಳ್ತಾರೆ. ನಾವು 'ಕಟಿಂಗ್ ಮಾಡಿಸಿಕೊಂಡೆ' ಅಂತೀವಲ್ಲ, ಆ 'ಕೊಂಡೆ' ಅಂತ ಹೇಳ್ತೀನಿ. ತಕ್ಷಣ ಅರ್ಥವಾಗುತ್ತೆ. ಈ ವಿಷಯದಲ್ಲಿ ಕನ್ನಡದವರಿಗೆ ಇಂಗ್ಲಿಷ್ ಮೂಲಕ ಕಲಿಯೋರಿಗಿಂತ ದಾರಿ ಹತ್ತಿರ.

ಮ್ಯೂನಿಕ್‌ನಿಂದ: ಯಾರು ಮಾಡಿದರು ಅಂತ ಹೇಳಬೇಕಾದರೆ ನಮ್ಮ 'ಗೆ' ಥರದ 'ಡೆಮ್' ಅಲ್ವಾ ಮೇಷ್ಟ್ರೇ? ಮೆಕ್ಯಾನಿಕ್‌ಗೆ ಹೇಳಿ ಸೈಕಲ್ ರಿಪೇರಿ ಮಾಡಿಸಿದೆ ಅಂತೀವಲ್ಲ.

ಜರ್ಮನ್ ಮೇಷ್ಟ್ರು: ಅಲ್ಲಿ ಕನ್ನಡವೇ ಜಾರಿಸುತ್ತೆ. 'ಡೆಮ್ ಮೆಕಾನಿಕರ್' ಅಂದರೆ ಅವನಿಗೋಸ್ಕರ ಅಂತಾಗುತ್ತೆ. ಅವನ ಸೈಕಲ್ಲನ್ನ ನೀವು ಬೇರೆ ಯಾರ ಕೈಲೋ ರಿಪೇರಿ ಮಾಡಿಸಿಕೊಟ್ಟ ಹಾಗೆ! ಮಾಡೋ ಮನುಷ್ಯ ನಮ್ಮ 'ಅನ್ನು' ಥರದ 'ಡೆನ್' ಜೊತೆ ಬರ್ತಾನೆ, ಇಲ್ಲಾ 'ಫೊನ್' ಜೊತೆ: 'ಇಶ್ ಲಾಸೆ ಡಾಸ್ ಫಾರ್‌ರಾಡ್ ಫೊಮ್ ಮೆಕಾನಿಕರ್ ರೆಪರೀರೆನ್.' ಮೆಕ್ಯಾನಿಕ್‌ಗೆ ಅಂತ ಯೋಚಿಸಬೇಡಿ, ಮೆಕ್ಯಾನಿಕ್ 'ಕೈಲಿ' ಮಾಡಿಸಿದೆ ಅಂತ ಯೋಚಿಸಿ. ಆ 'ಕೈಲಿ' ಅನ್ನೋದೇ ಫೊನ್, ಅದು ಡೆಮ್ ಜೊತೆ ಸೇರಿ ಫೊಮ್ ಆಗಿದೆ.

ಬರ್ಲಿನ್‌ನಿಂದ, ಎರಡು ವರ್ಷದ ಮಗನ ತಾಯಿ: 'ಇಸು' ಉಪಾಯ ನಂಬಿ ನಾನು ಮೂರು ರಾತ್ರಿ ನಿದ್ದೆ ಕೆಟ್ಟಿದ್ದೀನಿ. ನಿಜವಾಗಲೂ.

ಮಗನನ್ನ ಶಿಶುವಿಹಾರಕ್ಕೆ ಸೇರಿಸಿದ ಹೊಸದು. ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಿಸಿ ಅಂತ ಹೇಳಬೇಕಿತ್ತು. 'ಮಲಗಿಸಿ', ಇಸು ಇದೆ, ಸರಿ ಅಂತ 'ಬಿಟ್ಟೆ ಲಾಸೆನ್ ಜೀ ಈನ್ ಶ್ಲಾಫೆನ್' ಅಂದೆ. ಅವರು ನಗುತ್ತಾ ತಲೆಯಾಡಿಸಿದರು. ಸಂಜೆ ಹೋದರೆ, ಮೂರು ಗಂಟೆ ಹೊತ್ತು ನಿದ್ದೆ ಮಾಡಿದ್ದಾನೆ. ಮಾರನೇ ದಿನವೂ ಅದೇ. ರಾತ್ರಿ ಹನ್ನೆರಡಾದರೂ ಮನೆಯಲ್ಲಿ ಕುಣಿತ. ನಾಲ್ಕನೇ ದಿನ ಕೇಳಿದಾಗ ಆಯಮ್ಮ ಹೇಳಿದ್ದು: 'ಮಲಗಲಿ ಬಿಡಿ, ಎಬ್ಬಿಸಬೇಡಿ ಅಂತ ನೀವೇ ಅಂದಿರಲ್ಲ!'

ಊಟದ್ದೂ ಅದೇ ಕತೆ. 'ಊಟ ಮಾಡಿಸ್ತೀನಿ' ಅನ್ನೋಕೆ 'ಇಶ್ ಲಾಸೆ ಈನ್ ಎಸೆನ್' ಅಂದರೆ, ಅವನ ಪಾಡಿಗೆ ಅವನು ತಿನ್ನಲಿ ಅಂತ ಬಿಡ್ತೀನಿ ಅಂತ ಅರ್ಥ. ನಾವು ತುತ್ತು ಇಡೋದಕ್ಕೆ ಅವರ ಹತ್ತಿರ 'ಫ್ಯುಟರ್ನ್' ಅಂತ ಬೇರೆ ಪದವೇ ಇದೆ. ಮಲಗಿಸೋದಕ್ಕೆ 'ಇನ್ಸ್ ಬೆಟ್ ಬ್ರಿಂಗೆನ್'.

ಜರ್ಮನ್ ಮೇಷ್ಟ್ರು: ತಾಯೀ, ನಾನು ಹೇಳಬೇಕಂತಿದ್ದ ಇನ್ನರ್ಧ ಇದೇ. ಲಾಸೆನ್ ಬಂದ ಕಡೆ ಕೆಲಸ ಮಾಡೋದು ಇನ್ನೊಬ್ಬರು. ನೀವು ಹೇಳ್ತೀರಿ, ದುಡ್ಡು ಕೊಡ್ತೀರಿ, ಇಲ್ಲಾ ತಡೆಯದೆ ಸುಮ್ನೆ ಇರ್ತೀರಿ. ನೀವೇ ಕೈ ಹಾಕಿ ಮಾಡಿದರೆ ಲಾಸೆನ್ ಸಾಮಾನ್ಯವಾಗಿ ಬರೋಲ್ಲ. ಕಾರ್ 'ಓಡಿಸ್ತೀವಿ', ನೀರು 'ಕುದಿಸ್ತೀವಿ'. ಅವು ಬರೀ ಫಾರೆನ್, ಕೋಖೆನ್. ಅದೇ ಅಡುಗೆ ಬರಹದಲ್ಲಿ 'ಹತ್ತು ನಿಮಿಷ ಕೋಖೆನ್ ಲಾಸೆನ್' ಅಂತ ಇದ್ದರೆ, ಅದು 'ಕುದಿಯಲು ಬಿಡಿ'. ಕುದಿಯೋ ಕೆಲಸ ನೀರಿನದು, ನಿಮ್ಮದು ಕಾಯೋದು.

ಹಾಗಾಗಿ 'ಬಿಡು' ಅಂತ ಕ್ಲಾಸಿನಲ್ಲಿ ಕಲಿಸಿದ್ದು ತಪ್ಪಲ್ಲ. ಬಿಡೋದು, ಮಾಡಿಸೋದು ಎರಡಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದ ಇದೆ, ಅವರಿಗೆ ಒಂದೇ.

ಹುಬ್ಬಳ್ಳಿಯಿಂದ: ನನ್ನ ಅನುಭವದಾಗ ಅನುವಾದಕ್ಕ ಮೊದಲೇ ರೇಟ್ ಕೇಳಿಕೊಳ್ಳೋದು ಚಲೋ. ಪುಟಕ್ಕ ಇಷ್ಟು, ಸಾಲಿಗೆ ಇಷ್ಟು ಅಂತ ಒಬ್ಬೊಬ್ಬರದು ಒಂದೊಂದು ಲೆಕ್ಕ. ಕನ್ನಡದಿಂದ ನೇರ ಜರ್ಮನ್‌ಗೆ ಮಾಡೋರು ಸಿಗೋದು ಕಷ್ಟ ರೀ.

ಕೇಳಿದವರು: ಅನುವಾದ ಆಗಿದೆ ಸರ್, ಪ್ರಶ್ನೆ ವ್ಯಾಕರಣದ್ದು :) ಮೇಷ್ಟ್ರೇ, ಒಂದೇ ಪದ ಅಂದರೆ ಗೊಂದಲ ಆಗೋಲ್ವಾ? ನನ್ನ ಟೀಮಿನವರೊಬ್ಬರು 'ಡೆರ್ ಶೆಫ್ ಲೆಸ್ಟ್ ಮಿಶ್ ಪ್ರೆಜೆಂಟೀರೆನ್' ಅಂದರು. ಶೆಫ್ ಅಂದರೆ ಬಾಸ್, ಲೆಸ್ಟ್ ಅನ್ನೋದು ಲಾಸೆನ್‌ನದೇ ರೂಪ ಅಂತ ಗೊತ್ತು. ಆತ ಅವಕಾಶ ಕೊಟ್ಟರಾ, ತಲೆಗೆ ಕಟ್ಟಿದರಾ?

ಜರ್ಮನ್ ಮೇಷ್ಟ್ರು: ವಾಕ್ಯ ಒಂದನ್ನೇ ಇಟ್ಟುಕೊಂಡು ಹೇಳೋಕಾಗಲ್ಲ. ಆ ಕೆಲಸ ಯಾರಿಗೆ ಬೇಕಿತ್ತು ಅಂತ ನೋಡಬೇಕು. ಅಜ್ಜಿ ಮಕ್ಕಳನ್ನ 'ಐಸ್ ಎಸೆನ್' ಲಾಸೆನ್ ಮಾಡಿದರೆ ಅದು ಅನುಮತಿ. ಅಮ್ಮ 'ಔಫ್‌ರಾಯ್ಮೆನ್' ಲಾಸೆನ್ ಮಾಡಿದರೆ ಮಕ್ಕಳು ಗೊಣಗುತ್ತಾ ರೂಮು ಜೋಡಿಸ್ತಿದ್ದಾರೆ ಅಂತ. ನೀವು ಹೇಳುವಾಗ ಅನುಮಾನ ಬೇಡ ಅಂದರೆ ಲಾಸೆನ್ ಬಿಟ್ಟು 'ಇಶ್ ಡಾರ್ಫ್' ಅನ್ನಿ, ಅವಕಾಶ ಸಿಕ್ಕಿದೆ ಅಂತ. ತಲೆಗೆ ಕಟ್ಟಿದ್ದರೆ 'ಇಶ್ ಮುಸ್'.

ಬರ್ಲಿನ್ ತಾಯಿ: ನಮ್ಮ ಮನೆ ಕಿಟಕಿ ರಿಪೇರಿಯವರು 'ಡಾಸ್ ಫೆನ್ಸ್ಟರ್ ಲೆಸ್ಟ್ ಜಿಶ್ ನಿಷ್ಟ್ ಓಫ್ನೆನ್' ಅಂದರು. ಇಲ್ಲಿ ಬಿಡೋರು ಯಾರು, ಕಿಟಕಿನಾ?

ಜರ್ಮನ್ ಮೇಷ್ಟ್ರು: ಒಂಥರಾ ಹೌದು! ಕಿಟಕಿ ತನ್ನನ್ನ ತೆರೆಯೋಕೆ ಬಿಡ್ತಿಲ್ಲ. 'ತೆಗೆಯೋಕೆ ಬರ್ತಿಲ್ಲ' ಅಂತೀವಲ್ಲ, ಅದೇ. 'ಡಾಸ್ ಲೆಸ್ಟ್ ಜಿಶ್ ಮಾಖೆನ್' ಅಂದರೆ ಮಾಡಬಹುದು, ಆಗುತ್ತೆ ಅಂತ.

ಮ್ಯೂನಿಕ್‌ನಿಂದ: ಒಂದು ತಕರಾರು ಮೇಷ್ಟ್ರೇ. ಜೊತೆಗೆ ಇನ್ನೊಂದು ಕ್ರಿಯೆ ಇದ್ದರೆ ಗೆಲಾಸೆನ್ ತಪ್ಪು ಅಂದಿರಿ. ನನ್ನ ಪಕ್ಕದ ಸೀಟಿನವರು ಇವತ್ತೇ ಟ್ರೇನಿನಲ್ಲಿ ಛತ್ರಿ ಮರೆತು 'ಶ್ಟೇಯೆನ್ ಗೆಲಾಸೆನ್' ಅಂದರು. ಹುಟ್ಟಾ ಜರ್ಮನ್ ಅವರು.

ಜರ್ಮನ್ ಮೇಷ್ಟ್ರು: ಸಿಕ್ಕಿಹಾಕಿಕೊಂಡೆ. 'ಮರೆತು ಬಿಟ್ಟು ಬಂದೆ' ಅನ್ನೋ ಅರ್ಥದಲ್ಲಿ ಶ್ಟೇಯೆನ್ ಲಾಸೆನ್, ಶ್ಟೇಯೆನ್ ಗೆಲಾಸೆನ್ ಎರಡನ್ನೂ ನಿಘಂಟು ಒಪ್ಪುತ್ತೆ. ನಾನು ಮೊದಲನೆಯದನ್ನೇ ಕಲಿಸ್ತೀನಿ. 'ಮಾಡಿಸಿದೆ' ಅರ್ಥದಲ್ಲಿ ಮಾತ್ರ ಗೆಲಾಸೆನ್ ಖಂಡಿತ ಬೇಡ.

ಕೇಳಿದವರು: ಮೇಲ್ ತಿದ್ದಿ ಕಳಿಸಿದೆ, 'ಯೂಬರ್‌ಜೆಟ್ಸೆನ್ ಲಾಸೆನ್' ಅಂತ. ಅನುವಾದಕರ ಮುದ್ರೆ ಇರೋ ಪುಟದ ಫೋಟೋ ಕೂಡ ಜೊತೆಗೆ ಹಾಕಿದೀನಿ, ವ್ಯಾಕರಣದ ಮೇಲೆ ಅಷ್ಟು ಧೈರ್ಯ ಇಲ್ಲ.