20 ತಿಂಗಳ ಮಗ ಬೆರಳು ತೋರಿಸುವುದಿಲ್ಲ: ಅಸೆಸ್‌ಮೆಂಟ್ ಮಾಡಿಸಿದವರು ಅನುಭವ ಹೇಳಿ

ಕೇಳಿದವರು: ಕರೆದರೆ ಕೆಲವು ಸಲ ತಿರುಗುತ್ತಾನೆ, ಕೆಲವು ಸಲ ಇಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆಯುತ್ತಾನೆ. ಆಟಿಸಂ ಲಕ್ಷಣ ಇದೆಯಾ ಅಂತ ಅಪ್ಪ-ಅಮ್ಮನನ್ನು ಕೇಳುವ ಎಂ-ಚಾಟ್ ಪ್ರಶ್ನೆಪಟ್ಟಿಯಲ್ಲಿ 5 ಅಂಕ ಬಂತು. ಆಟಿಸಂ ಅಂತಾನೇ ಅರ್ಥವಾ? ಮುಂದೇನು?

ಅವಳಿ ಅಮ್ಮ: ನನ್ನ ಮಗಳಿಗೂ 5 ಬಂದಿತ್ತು. 3ರಿಂದ 7 ಬಂದರೆ ಅಂಕ ಬಿದ್ದ ಪ್ರಶ್ನೆಗಳನ್ನಷ್ಟೇ ಮತ್ತೆ ಕೂರಿಸಿ ಕೇಳುತ್ತಾರೆ. ಸದ್ದಿಗೆ ಕಿವಿ ಮುಚ್ಚುತ್ತಾಳೆ ಅಂದಿದ್ದೆವು. ಯಾವ ಯಾವ ಸದ್ದು ಅಂತ ಕೆದಕಿದಾಗ ಅದು ಒಂದೇ ಸದ್ದು ಅಂತ ಗೊತ್ತಾಯಿತು, ಅದು ಬಿಟ್ಟುಹೋಯಿತು. ಕಣ್ಣ ಮುಂದೆ ಬೆರಳಾಡಿಸುವುದು ಕಣ್ಣಾಮುಚ್ಚಾಲೆಯಲ್ಲಿ ಮಾತ್ರ, ಅದೂ ಹೋಯಿತು. 3 ಉಳಿಯಿತು: ಹೆಸರಿಗೆ ತಿರುಗುವುದು, ವಸ್ತು ತಂದು ತೋರಿಸುವುದು, ಬೆರಳು ತೋರಿಸುವುದು. ಆ ಎರಡನೇ ಸುತ್ತಿನಲ್ಲಿ 2 ಉಳಿದರೂ ಅಸೆಸ್‌ಮೆಂಟ್‌ಗೆ ಕಳಿಸುತ್ತಾರೆ. ಅಂಕ ಬಂದಷ್ಟಕ್ಕೇ ಆಟಿಸಂ ಅಂತಲ್ಲ. ಆದರೆ ಆ ಸುತ್ತನ್ನು ಬಿಟ್ಟುಬಿಡುವವರೇ ಜಾಸ್ತಿ, ಕೇಳಿ ಮಾಡಿಸಿಕೊಳ್ಳಿ.

ಕಾದ ಅಪ್ಪ: ಮೊದಲು ಕಿವಿ! ನಮ್ಮವನಿಗೆ ಬೆರಾ ಟೆಸ್ಟ್ ನಿದ್ದೆಯಲ್ಲೇ ಆಗಬೇಕಿತ್ತು. ರಾತ್ರಿಯೆಲ್ಲ ಎಚ್ಚರ ಇಟ್ಟು ಕರೆದೊಯ್ದರೆ ದಾರಿಯಲ್ಲೇ ಮಲಗಿದ, ಮೇಜಿನ ಮೇಲೆ ಎದ್ದು ಕೂತ. ಮತ್ತೆ ತಾರೀಖು, ಮತ್ತೆ ರಜೆ. ಕೊನೆಗೆ ಕಿವಿ ಸರಿಯಿದೆ ಅಂತ ಬಂತು. ಅಷ್ಟು ದಿನ ಬೇರೆ ಯಾರೂ ಅವನನ್ನು ನೋಡಲಿಲ್ಲ, ಆ ಸಿಟ್ಟು ಇನ್ನೂ ಹೋಗಿಲ್ಲ. ಕಿವಿ ಟೆಸ್ಟ್, ಅಸೆಸ್‌ಮೆಂಟ್ ಎರಡಕ್ಕೂ ಒಟ್ಟಿಗೇ ಹೆಸರು ಬರೆಸಿ.

ಮೂವರ ತಾಯಿ: ಸುಮ್ನೆ ಹೆದರಿಸಬೇಡಿ. ನನ್ನ ದೊಡ್ಡವನು 3 ವರ್ಷಕ್ಕೆ ಮಾತಾಡಿದ. ಕಣ್ಣಿಟ್ಟು ನೋಡುತ್ತಾನೆ, ಅಪ್ಪಿಕೊಳ್ಳುತ್ತಾನೆ ಅಂದ್ರೆ ಆಟಿಸಂ ಅಲ್ಲ. ಟಿವಿ ನಿಲ್ಲಿಸಿ, ಕಾಯಿರಿ.

ಅವಳಿ ಅಮ್ಮ: ನನ್ನ ಮಗಳೂ ಅಪ್ಪಿಕೊಳ್ಳುತ್ತಾಳೆ! ನಿಮ್ಮ ಮಗ ಮಾತಿಲ್ಲದಾಗ ಬೆರಳು ತೋರಿಸುತ್ತಿದ್ದನಾ, ಅದು ಹೇಳಿ.

ಮೂವರ ತಾಯಿ: ತೋರಿಸುತ್ತಿದ್ದ. ಅದಕ್ಕೇನೀಗ?

ಮಾತಿನ ಥೆರಪಿಸ್ಟ್: ಅದೇ ಮುಖ್ಯ. ಮಾತು ಮಾತ್ರ ತಡವಾದ ಮಗು ಸಾಮಾನ್ಯವಾಗಿ ಕೈಸನ್ನೆಯಲ್ಲಿ ಕೆಲಸ ಸಾಧಿಸುತ್ತದೆ. ಬೇಕು ಅಂತ ತೋರಿಸುವುದು ಬೇರೆ. ವಿಮಾನ ಕಂಡು ಬೆರಳು ಮಾಡಿ, ನೀವೂ ನೋಡಿದಿರಾ ಅಂತ ನಿಮ್ಮ ಮುಖ ನೋಡುವುದು ಬೇರೆ. ನಾನು ಹುಡುಕುವುದು ಎರಡನೆಯದನ್ನು. ಸೋಪಿನ ಗುಳ್ಳೆ ಊದಿ ಥಟ್ಟನೆ ನಿಲ್ಲಿಸುತ್ತೇವೆ. ಮಗು ಬಾಟಲಿಯನ್ನಷ್ಟೇ ಎಳೆಯುತ್ತದಾ, ಬಾಟಲಿಯಿಂದ ನಮ್ಮ ಕಣ್ಣಿಗೂ ನೋಟ ತರುತ್ತದಾ? ಜೊತೆಗೆ ಒಂದೇ ಆಟ ಪದೇ ಪದೇ ಆಡುವುದು, ಇದ್ದ ಪದ ಕಳೆದುಕೊಂಡಿದ್ದು, ಹುಟ್ಟಿನಿಂದಿನ ವಿವರ ಎಲ್ಲ ಕೇಳುತ್ತೇವೆ. ಹೊಸ ಜಾಗದಲ್ಲಿ ಮಗು ಮುದುಡುತ್ತದೆ. ಮನೆಯ ಆಟದ ವಿಡಿಯೋ ತನ್ನಿ.

ಕಾದ ಅಪ್ಪ: ನಮಗೆ ತಲೆಯ ಎಂಆರ್‌ಐ ಬೇರೆ ಬರೆದಿದ್ದರು.

ಮಾತಿನ ಥೆರಪಿಸ್ಟ್: ಆಟಿಸಂ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಫಿಟ್ಸ್‌ನಂಥ ಬೇರೆ ಅನುಮಾನ ಇದ್ದರೆ ಮಾತ್ರ ಬೇಕಾಗಬಹುದು.

ಕಾದ ಅಪ್ಪ: ಫಿಟ್ಸ್ ಇರಲಿಲ್ಲ. ಮತ್ತೇಕೆ ಆ ಸ್ಕ್ಯಾನ್‌ಗೆ ಅಂತ ಅರಿವಳಿಕೆ ಕೊಟ್ಟರು?

ಮೂವರ ತಾಯಿ: ಡಾಕ್ಟರ್ ಕಾರಣ ಇಲ್ಲದೆ ಬರೆಯುತ್ತಾರಾ?

ಕಾದ ಅಪ್ಪ: ಕಾರಣ ಕೇಳಿದೆ, ಹೇಳಲಿಲ್ಲ. ಮಲಗಿದ್ದು ನಿಮ್ಮ ಮಗು ಅಲ್ಲವಲ್ಲ!

ಕೇಳಿದವರು: ವಿಡಿಯೋ ಎಷ್ಟು ಉದ್ದ ಇರಬೇಕು, ಯಾರಾದ್ರೂ ಹೇಳ್ತೀರಾ?