ಬೇಕನ್ ತಣ್ಣನೆ ಪ್ಯಾನಲ್ಲಿ ಇಟ್ಟರೂ ಅಂಚು ಕಪ್ಪಾಗುತ್ತೆ, ಕೊಬ್ಬು ಹಸಿಯಾಗೇ ಉಳಿಯುತ್ತೆ. ಯಾಕೆ?

ಪ್ರಶ್ನೆ (ಬೆಂಗಳೂರಿನಿಂದ): ಕೊಬ್ಬಿನ ಗೆರೆ ಇರುವ ಬೇಕನ್, 150 ಗ್ರಾಂ ಪ್ಯಾಕ್. ಇಂಡಕ್ಷನ್ ಒಲೆ, ತೆಳ್ಳನೆಯ ನಾನ್‌ಸ್ಟಿಕ್ ಪ್ಯಾನ್. ಒಲೆ ಹಚ್ಚುವ ಮೊದಲೇ ಬೇಕನ್ ಇಡಬೇಕು ಅಂತ ಓದಿ ಹಾಗೇ ಮಾಡಿದೆ. ಆದರೂ ಮಾಂಸದ ಅಂಚು ಸೀದು ಹೋಗುತ್ತೆ, ಬಿಳಿ ಕೊಬ್ಬು ರಬ್ಬರ್ ಥರ ಇರುತ್ತೆ. ಪಟಪಟ ಸಿಡಿಯೋದು ಬೇರೆ. ಹೋಟೆಲಿನವರು ಯಾರಾದರೂ ಹೇಳಿ.

ಒಬ್ಬ ಸದಸ್ಯರು: ಉರಿ ಜಾಸ್ತಿ ಆಗಿರಬೇಕು ಅಷ್ಟೇ. ಯಾವ ಬೇಕನ್ ಆದರೂ ತಣ್ಣನೆ ಪ್ಯಾನ್, ಸಣ್ಣ ಉರಿ. ಬೇರೇನೂ ಬೇಡ.

ಉತ್ತರ (ಹೋಟೆಲಿನಲ್ಲಿ ಬೆಳಗಿನ ತಿಂಡಿ ವಿಭಾಗ ನೋಡಿಕೊಳ್ಳುವ ಅಡುಗೆಯವರು): ಉರಿಯ ಮಾತು ಸರಿ, ಆದರೆ ಅಷ್ಟೇ ಅಲ್ಲ.

ತಣ್ಣನೆ ಪ್ಯಾನಲ್ಲಿ ಇಡೋದು ಕೊಬ್ಬಿಗೆ ಸಮಯ ಕೊಡೋಕೆ. ಮಾಂಸ ಬೇಗ ಬಿಗಿಯಾಗಿ ಮುರುಟಿಕೊಳ್ಳುತ್ತೆ, ಕೊಬ್ಬು ನಿಧಾನಕ್ಕೆ ಕರಗುತ್ತೆ. ಮುರುಟಿದ ಮೇಲೆ ತುಂಡು ಅಲ್ಲಲ್ಲಿ ಮಾತ್ರ ಪ್ಯಾನಿಗೆ ತಾಗುತ್ತೆ. ತಾಗಿದ ಕಡೆ ಸೀಯುತ್ತೆ, ಎದ್ದು ನಿಂತ ಕಡೆ ಹಸಿ. ನಿಮಗೆ ಆಗ್ತಿರೋದು ಇದೇ.

ಇಂಡಕ್ಷನ್‌ನಲ್ಲಿ ತೆಳ್ಳನೆ ಪ್ಯಾನ್ ಕ್ಷಣದಲ್ಲಿ ಕಾಯುತ್ತೆ. ಅದೂ ಕಾಯಿಲ್ ಇರುವ ಜಾಗದಲ್ಲಿ ಉಂಗುರದ ಹಾಗೆ. ಹಾಗಾಗಿ ತಣ್ಣಗೆ ಶುರು ಮಾಡಿದ್ದು ಹೆಸರಿಗೆ ಮಾತ್ರ. ಅಗಲವಾದ ದಪ್ಪ ಕಬ್ಬಿಣದ ಪ್ಯಾನ್ ಇದ್ದರೆ ಅದೇ ಬಳಸಿ. ಅಂಚಿಲ್ಲದ ದೋಸೆ ಕಾವಲಿ ಬೇಡ, ಜಿಡ್ಡು ಒಲೆ ಮೇಲೆ ಹರಿಯುತ್ತೆ.

ತುಂಡುಗಳನ್ನು ಒಂದರ ಮೇಲೊಂದು ಬರದ ಹಾಗೆ ಜೋಡಿಸಿ. ಎಣ್ಣೆ ಬೇಡ. ಒಲೆಯನ್ನು ಕೆಳಗಿನ ಹಂತದಲ್ಲೇ ಇಡಿ. ಮೊದಲ ನಾಲ್ಕೈದು ನಿಮಿಷ ಏನೂ ಆಗ್ತಿಲ್ಲ ಅನಿಸುತ್ತೆ. ಉರಿ ಏರಿಸಬೇಡಿ. ಬಿಳಿ ಕೊಬ್ಬು ಗಾಜಿನ ಥರ ಪಾರದರ್ಶಕವಾಗಿ ಪ್ಯಾನಿನ ತಳ ಹೊಳೆಯೋಕೆ ಶುರುವಾದ ಮೇಲೆ ಮೊದಲ ಸಲ ತಿರುಗಿಸಿ. ಅಲ್ಲಿಂದ ಒಂದೆರಡು ನಿಮಿಷಕ್ಕೊಮ್ಮೆ ಇಕ್ಕಳದಲ್ಲಿ ಮಗುಚಿ. ನಡುವಿನದನ್ನು ಅಂಚಿಗೆ, ಅಂಚಿನದನ್ನು ನಡುವಿಗೆ ಬದಲಿಸಿ. ಮುರುಟಿದ್ದನ್ನು ಒತ್ತಿ ಹಿಡಿಯಿರಿ. ಒಟ್ಟು 12ರಿಂದ 15 ನಿಮಿಷ, ದಪ್ಪ ಇದ್ದರೆ ಇನ್ನೂ ಸ್ವಲ್ಪ.

ಕಿವಿಯೂ ಕೆಲಸಕ್ಕೆ ಬರುತ್ತೆ. ಜೋರಾಗಿ ಸಿಡಿಯುತ್ತಿದ್ದರೆ ನೀರಿನಂಶ ಇನ್ನೂ ಇದೆ ಅಂತ. ಸದ್ದು ತಗ್ಗಿ ಸಣ್ಣ ನೊರೆ ಎದ್ದರೆ ಮುಗೀತಾ ಬಂತು. ಬೇಕಾದಷ್ಟು ಗರಿಗರಿ ಆಗೋ ಸ್ವಲ್ಪ ಮೊದಲೇ ತೆಗೆದು ಪೇಪರ್ ಮೇಲೆ ಹಾಕಿ. ತಣ್ಣಗಾಗ್ತಾ ಇನ್ನೂ ಗರಿಯಾಗುತ್ತೆ.

ಕೇಳಿದವರು: ಥ್ಯಾಂಕ್ಸ್ ಸರ್. ಕೊನೆಗೆ ಪ್ಯಾನ್ ತುಂಬ ಜಿಡ್ಡು. ಚೆಲ್ಲಬೇಕಾ?

ಅಡುಗೆಯವರು: ತುಂಡು ಜಿಡ್ಡಲ್ಲಿ ತೇಲೋಕೆ ಶುರುವಾದರೆ ಒಲೆ ಆರಿಸಿ, ಅರ್ಧ ಬಸಿದು ಸ್ಟೀಲ್ ಬಟ್ಟಲಿಗೆ ಹಾಕಿ. ಪೂರ್ತಿ ಬಸಿಯಬೇಡಿ. ತಳಕ್ಕೂ ಮಾಂಸಕ್ಕೂ ನಡುವೆ ಶಾಖ ಸಮವಾಗಿ ಹರಡೋದು ಆ ತೆಳುಪದರದಿಂದಲೇ. ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಲ್ಲಿ ಗಟ್ಟಿಯಾಗಿ ಕೂರುತ್ತೆ. ಸೋಸಿ ಫ್ರಿಜ್‌ನಲ್ಲಿಟ್ಟರೆ ಆಲೂಗಡ್ಡೆ ಹುರಿಯೋಕೆ ಅದಕ್ಕಿಂತ ರುಚಿ ಇನ್ನೊಂದಿಲ್ಲ.

ಲೆಸ್ಟರ್‌ನಿಂದ ಒಬ್ಬರು: ಯಾವ ಬೇಕನ್ ಆದರೂ ಅನ್ನೋದನ್ನ ನಾನು ಒಪ್ಪಲ್ಲ. ಇಲ್ಲಿ ಜಾಸ್ತಿ ಸಿಗೋದು ಬ್ಯಾಕ್ ಬೇಕನ್. ಬೆನ್ನಿನ ಮಾಂಸ, ಕೊಬ್ಬು ಒಂದು ಅಂಚಲ್ಲಿ ಮಾತ್ರ. ಅದನ್ನ ಹದಿನೈದು ನಿಮಿಷ ಇಟ್ಟರೆ ಚಪ್ಪಲಿ ಆಗುತ್ತೆ. ನಾನು ಪ್ಯಾನ್ ಕಾಯಿಸಿ, ಚೂರು ಎಣ್ಣೆ ಹಾಕಿ, ಬೇಗ ಮುಗಿಸ್ತೀನಿ. ಜಿಡ್ಡು ನಡುವೆ ಬಸಿಯೋದೂ ನನಗೆ ಇಷ್ಟ ಇಲ್ಲ. ಇದ್ದರೆ ತಾನೇ ಚೆನ್ನಾಗಿ ಕರಿಯೋದು?

ಅಡುಗೆಯವರು: ಬ್ಯಾಕ್ ಬೇಕನ್ ವಿಷಯ ನಿಜ. ಆ ಕೊಬ್ಬಿನ ಅಂಚನ್ನು ಮೊದಲು ಇಕ್ಕಳದಲ್ಲಿ ನಿಲ್ಲಿಸಿ ಕರಗಿಸಿದರೆ ಎಣ್ಣೆಯೂ ಬೇಕಾಗಲ್ಲ. ಬಸಿಯೋದರಲ್ಲಿ ನಮ್ಮ ಅಡುಗೆಮನೆಯಲ್ಲೇ ಎರಡು ಪಕ್ಷ ಇದೆ ಬಿಡಿ.

ಕಾರವಾರದವರು: ಗೋವಾ ಸಾಸೇಜಿಗೆ ನಾವು ಚರ್ಮ ಬಿಡಿಸಿ, ಈರುಳ್ಳಿ, ಸ್ವಲ್ಪ ನೀರು ಹಾಕಿ ಬೇಯಿಸ್ತೀವಿ. ಎಣ್ಣೆ ತಾನೇ ಬಿಡುತ್ತೆ. ಎಲ್ಲ ಸಾಸೇಜಿಗೂ ಹೀಗೇ ಮಾಡಬಹುದಲ್ವಾ?

ಅಡುಗೆಯವರು: ಅದು ಉಪ್ಪು, ವಿನೆಗರ್ ಹಾಕಿ ಒಣಗಿಸಿದ್ದು ಅಕ್ಕ, ಅದಕ್ಕೆ ನಿಮ್ಮ ದಾರಿಯೇ ಸರಿ. ಹಸಿ ಹಂದಿ ಸಾಸೇಜ್ ಬೇರೆ. ಅದರ ಕೊಬ್ಬು ಚರ್ಮದೊಳಗೆ ಇರೋದರಿಂದ ಶುರುವಿಗೆ ಒಂದು ಚಮಚ ಎಣ್ಣೆ ಬೇಕು. ತಣ್ಣನೆ ಪ್ಯಾನಲ್ಲಿಟ್ಟು ಸಣ್ಣ ಉರಿ, ಒಂದೆರಡು ನಿಮಿಷಕ್ಕೊಮ್ಮೆ ಉರುಳಿಸಿ, ಸುಮಾರು 20 ನಿಮಿಷ. ಫೋರ್ಕಲ್ಲಿ ಚುಚ್ಚಬೇಡಿ, ರಸವೆಲ್ಲ ಹೊರಗೆ ಬರುತ್ತೆ. ಚರ್ಮ ಒಡೆಯೋದು ಒಮ್ಮೆಲೇ ಜೋರು ಕಾವು ಬಿದ್ದಾಗ. ಥರ್ಮಾಮೀಟರ್ ಇದ್ದರೆ ತುದಿಯಿಂದ ಉದ್ದಕ್ಕೆ ತೂರಿಸಿ ನೋಡಿ, ನಡುವೆ 71 ಡಿಗ್ರಿ ಸೆಲ್ಸಿಯಸ್ ಆಗಿರಬೇಕು. ಬಣ್ಣ ನಂಬಬೇಡಿ.

ಕೇಳಿದವರು: ಬೇಕನ್ ಸುತ್ತ ಬಿಳಿ ಬಿಳಿ ನೊರೆ ಗಟ್ಟಿಯಾಗಿ ಅಂಟಿರುತ್ತಲ್ಲ, ಹಾಳಾಗಿದೆಯಾ?

ಅಡುಗೆಯವರು: ಇಲ್ಲ. ಉಪ್ಪುನೀರು ಚುಚ್ಚಿ ತಯಾರಿಸಿದ ಬೇಕನ್ ಅದು. ನೀರಿನ ಜೊತೆ ಪ್ರೋಟೀನ್ ಹೊರಬಂದು ಗಟ್ಟಿಯಾಗುತ್ತೆ. ನಿಮ್ಮ ಮನೇಲಿ ಅಷ್ಟು ಸಿಡಿಯೋದಕ್ಕೂ ಆ ನೀರೇ ಕಾರಣ. ಪ್ಯಾಕಲ್ಲಿ ನೀರು ಕಂಡರೆ ಇಡೋ ಮೊದಲು ಪೇಪರಿನಲ್ಲಿ ಒತ್ತಿ ಒರೆಸಿ.