ವಿನ್ಯಾಸ ಅರ್ಜಿಗೆ ‘ಹೊಸತನವಿಲ್ಲ’ ಎಂಬ ಆಕ್ಷೇಪ, ಲೈಸೆನ್ಸ್ ಮಾತುಕತೆ ನಡುವೆ ಸಿಕ್ಕಿಕೊಂಡಿದ್ದೇನೆ

ಕ್ಲಿಪ್ ತಯಾರಕ (ಜನವರಿ 9)
ತೋಟದ ನೀರಿನ ಪೈಪಿಗೆ ಒಂದೇ ಕೈಯಲ್ಲಿ ಹಾಕಬಹುದಾದ ಪ್ಲಾಸ್ಟಿಕ್ ಕ್ಲಿಪ್ ತಯಾರಿಸಿದ್ದೇನೆ. ವಿನ್ಯಾಸ ನೋಂದಣಿಗೆ ಅಕ್ಟೋಬರ್ 12ರಂದು ಅರ್ಜಿ ಹಾಕಿದೆ. ಈಗ ಪರಿಶೀಲನಾ ವರದಿ ಬಂದಿದೆ, ‘ಹೊಸತನವಿಲ್ಲ’ ಎಂದು ಬರೆದಿದ್ದಾರೆ. ಇಂಥ ಕ್ಲಿಪ್ ಮಾರುಕಟ್ಟೆಯಲ್ಲಿ ಎಲ್ಲಿಯೂ ಇಲ್ಲ! ಇತ್ತ ದೊಡ್ಡ ಕಂಪನಿಯೊಂದು ಲೈಸೆನ್ಸ್ ಕೇಳುತ್ತಿದೆ, ನೋಂದಣಿ ಸಂಖ್ಯೆ ಕೊಡಿ ಎನ್ನುತ್ತಿದೆ. ಉತ್ತರ ಹೇಗೆ ಬರೆಯಬೇಕು?

ಅಚ್ಚಿನಮನೆ
ಕಾರಣ ಸ್ಪಷ್ಟವಾಗಿದೆ. ಕ್ಲಿಪ್ಪಿನ ಆಕಾರವೆಲ್ಲ ಅದು ಮಾಡುವ ಕೆಲಸದಿಂದಲೇ ಬಂದಿರುತ್ತದೆ. ಬರೀ ಕೆಲಸಕ್ಕಾಗಿ ಇರುವ ಆಕಾರಕ್ಕೆ ವಿನ್ಯಾಸ ಹಕ್ಕು ಸಿಗುವುದಿಲ್ಲ. ಅರ್ಜಿ ಹಿಂತೆಗೆದುಕೊಂಡು, ಹೊರಮೈಗೆ ಸ್ವಲ್ಪ ಬಾಗು ಕೊಟ್ಟು ಮತ್ತೆ ಹಾಕಿ.

ರೇಖಾಚಿತ್ರ
ನನ್ನ ಅನುಮಾನ ಚಿತ್ರಗಳ ಮೇಲೆ. ಮಕ್ಕಳು ಸವಾರಿ ಮಾಡುವ ಟ್ರಂಕಿ ಸೂಟ್‌ಕೇಸಿನ ಪ್ರಕರಣ ನೆನಪಿದೆಯೇ? ಅದರ ನೋಂದಣಿಗೆ ಕೊಟ್ಟಿದ್ದು ಛಾಯೆಯಿರುವ ಕಂಪ್ಯೂಟರ್ ಚಿತ್ರಗಳು. ಚಕ್ರ ಮತ್ತು ಪಟ್ಟಿಗಳು ಮೈಗಿಂತ ಗಾಢವಾಗಿ ಕಾಣುತ್ತಿದ್ದವು. 2016ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಆ ಬಣ್ಣದ ವ್ಯತ್ಯಾಸವನ್ನೂ ವಿನ್ಯಾಸದ ಭಾಗವೆಂದೇ ಎಣಿಸಿತು. ಎದುರಾಳಿಯ ಪೆಟ್ಟಿಗೆ ನೋಡಿದವರಿಗೆ ಬೇರೆಯೇ ಅನಿಸುತ್ತದೆ ಎಂದು ತೀರ್ಪಾಯಿತು. ನೀವು ಬರೀ ಗೆರೆಗಳ ಚಿತ್ರ ಕೊಟ್ಟಿದ್ದೀರೋ, ಫೋಟೊ ಕೊಟ್ಟಿದ್ದೀರೋ?

ಕ್ಲಿಪ್ ತಯಾರಕ
ಫೋಟೊ. ನೀಲಿ ಬಣ್ಣದ ಕ್ಲಿಪ್ಪಿನದು.

ರೇಖಾಚಿತ್ರ
ನಾನು ಹೇಳಿದ್ದೂ ಅದನ್ನೇ. ಗೆರೆಚಿತ್ರ ಕೊಟ್ಟಿದ್ದರೆ ರಕ್ಷಣೆ ಎಲ್ಲ ಬಣ್ಣಕ್ಕೂ ಹರಡುತ್ತಿತ್ತು.

ಅಚ್ಚಿನಮನೆ
ಗೆರೆಚಿತ್ರದಲ್ಲಿ ಮೇಲ್ಮೈಯ ಏರಿಳಿತ ಕಾಣುವುದೇ ಇಲ್ಲ ಮೇಡಂ. ನಾನು ಎರಡು ಉತ್ಪನ್ನಗಳನ್ನು ಫೋಟೊದಿಂದಲೇ ನೋಂದಾಯಿಸಿದ್ದೇನೆ. ಈಗ ನಾಲ್ಕು ಕ್ಯಾವಿಟಿಯ ಹೊಸ ಅಚ್ಚು ಕೂರಿಸಿದ್ದೇನೆ, ಒಂದು ಹೊಡೆತಕ್ಕೆ ನಾಲ್ಕು ತುಂಡು ಬೀಳುತ್ತವೆ, ಅಂಚಿನಲ್ಲಿ ಕೂದಲೆಳೆಯಷ್ಟೂ ಜಿನುಗು ಇಲ್ಲ. ಬೇಕಾದವರಿಗೆ ಚಿತ್ರ ಕಳುಹಿಸುತ್ತೇನೆ.

ಹಕ್ಕುಪತ್ರ
ಚಿತ್ರದ ಚರ್ಚೆ ನಿಲ್ಲಲಿ. ಚಿತ್ರದ ದೋಷಕ್ಕೆ ಬರುವ ಆಕ್ಷೇಪವೇ ಬೇರೆ, ಅದಕ್ಕೆ ‘ಹೊಸತನವಿಲ್ಲ’ ಎಂದು ಬರೆಯುವುದಿಲ್ಲ. ಕೆಲಸದಿಂದ ಹುಟ್ಟಿದ ಆಕಾರ ಎನ್ನುವುದೂ ಬೇರೆ ಆಕ್ಷೇಪವೇ. ಹೊಸತನವಿಲ್ಲ ಎಂದವರು ಯಾವುದಕ್ಕೆ ಹೋಲಿಸಿದ್ದಾರೆ ಎಂದು ವರದಿಯಲ್ಲಿ ಹೇಳಿರಲೇಬೇಕು. ಆ ಸಾಲನ್ನು ಇಲ್ಲಿ ಹಾಕಿ.

ಕ್ಲಿಪ್ ತಯಾರಕ
ಹೋಲಿಸಿದ್ದು ನನ್ನದೇ ವಿಡಿಯೊಗೆ! ಮಾರ್ಚ್ 3ರಂದು ನಮ್ಮ ಕಾರ್ಖಾನೆಯ ಪುಟದಲ್ಲಿ ಹಾಕಿದ್ದೆ. ಅದಕ್ಕೇ ಇಷ್ಟು ಸಿಟ್ಟು. ನನ್ನ ವಸ್ತುವನ್ನು ನಾನೇ ತೋರಿಸಿದರೆ ಅದು ಹಳತಾಗುವುದು ಹೇಗೆ?

ಹಕ್ಕುಪತ್ರ
ಈ ಸಾಲು ಮೊದಲೇ ಬಂದಿದ್ದರೆ ಚೆನ್ನಾಗಿತ್ತು. ಕಾನೂನು ನೋಡುವುದು ಅರ್ಜಿಯ ದಿನಕ್ಕಿಂತ ಮೊದಲು ಆ ರೂಪ ಜನರ ಕಣ್ಣಿಗೆ ಬಿದ್ದಿತ್ತೇ ಎಂಬುದನ್ನು ಮಾತ್ರ. ಕೆಲವು ಕಡೆಯ ವಿನಾಯಿತಿ ಬಿಟ್ಟರೆ ತೋರಿಸಿದವರು ಯಾರಾದರೂ ಒಂದೇ. ಪೂಮಾ ಕಂಪನಿಯ ಬೂಟೊಂದರ ಫೋಟೊಗಳು 2014ರ ಡಿಸೆಂಬರ್‌ನಲ್ಲಿ ಗಾಯಕಿ ರಿಹಾನಾ ಅವರ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಬಂದವು. ಕಂಪನಿ ವಿನ್ಯಾಸ ಅರ್ಜಿ ಹಾಕಿದ್ದು 2016ರ ಜುಲೈನಲ್ಲಿ. ಐರೋಪ್ಯ ಒಕ್ಕೂಟದ ಜನರಲ್ ಕೋರ್ಟ್ 2024ರಲ್ಲಿ ಆ ನೋಂದಣಿ ಊರ್ಜಿತವಲ್ಲ ಎಂದಿತು. ಅಲ್ಲಿ ಸ್ವಂತ ಪ್ರಕಟಣೆಗೆ 12 ತಿಂಗಳ ವಿನಾಯಿತಿ ಇದೆ, ಅವರು ಅದನ್ನು ದಾಟಿದ್ದರು. ನೀವು ದಾಟಿಲ್ಲ, ಮಾರ್ಚ್ 3ರಿಂದ ಅಕ್ಟೋಬರ್ 12ಕ್ಕೆ ಏಳು ತಿಂಗಳ ಮೇಲಷ್ಟೇ ಆಗಿದೆ. ಅಮೆರಿಕದಲ್ಲಿಯೂ ಒಂದು ವರ್ಷದ ವಿನಾಯಿತಿ ಇದೆ. ಭಾರತದಲ್ಲಿ ಹಾಗೆ ಸಾಮಾನ್ಯ ವಿನಾಯಿತಿ ಇಲ್ಲ. ಸರ್ಕಾರ ಅಧಿಸೂಚಿಸಿದ ಪ್ರದರ್ಶನದಂಥ ಕೆಲವೇ ಸಂದರ್ಭಗಳಿಗೆ ಅವಕಾಶವಿದೆ, ವಿಡಿಯೊ ಅದರೊಳಗೆ ಬರುವುದಿಲ್ಲ. ನೀವು ಅರ್ಜಿ ಹಾಕಿದ ಕಡೆಯೂ ಇದೇ ನಿಯಮವೆಂದಾದರೆ ಅಲ್ಲಿ ಈ ವಿನ್ಯಾಸ ಉಳಿಯುವುದು ಕಷ್ಟ.

ಅಚ್ಚಿನಮನೆ
ಹಾಗಾದರೆ ನಾನು ಹೇಳಿದಂತೆ ಹಿಂತೆಗೆದುಕೊಂಡು ಹೊಸದಾಗಿ ಹಾಕುವುದೇ ಸರಿ.

ಹಕ್ಕುಪತ್ರ
ದಯವಿಟ್ಟು ಹಾಗೆ ಮಾಡಬೇಡಿ. ಪ್ಯಾರಿಸ್ ಒಪ್ಪಂದದ ಪ್ರಕಾರ ಮೊದಲ ಅರ್ಜಿಯ ದಿನದಿಂದ ಆರು ತಿಂಗಳೊಳಗೆ ಬೇರೆ ದೇಶಗಳಲ್ಲಿ ವಿನ್ಯಾಸ ಅರ್ಜಿ ಹಾಕಿದರೆ ಅವಕ್ಕೂ ಅಕ್ಟೋಬರ್ 12ರ ದಿನಾಂಕವೇ ಸಿಗುತ್ತದೆ. ಮೊದಲ ಅರ್ಜಿ ಆಮೇಲೆ ತಿರಸ್ಕೃತವಾದರೂ ಆ ಆದ್ಯತೆ ಉಳಿಯುತ್ತದೆ. ಅದು ಸರಿಯಾಗಿ ದಾಖಲಾಗಿದ್ದರೆ ಸಾಕು. ಐರೋಪ್ಯ ಒಕ್ಕೂಟದಲ್ಲಿಯೂ ಅಮೆರಿಕದಲ್ಲಿಯೂ ವಿನಾಯಿತಿಯ 12 ತಿಂಗಳನ್ನು ಆ ದಿನಾಂಕದಿಂದ ಹಿಂದಕ್ಕೆ ಎಣಿಸುತ್ತಾರೆ. ಏಪ್ರಿಲ್ 12ರೊಳಗೆ ಹಾಕಿದರೆ ನಿಮ್ಮ ವಿಡಿಯೊ ಅಲ್ಲಿ ಅಡ್ಡಬರುವುದಿಲ್ಲ. ಬಾಗು ಬದಲಿಸಿದ ಹೊಸ ರೂಪಕ್ಕೆ ಹೊಸ ದಿನಾಂಕ ಬರುತ್ತದೆ, ಆಗ ಅದನ್ನು ಇದೇ ವಿಡಿಯೊಗೆ ಹೋಲಿಸುತ್ತಾರೆ. ಅಂಚನ್ನು ಸ್ವಲ್ಪ ದುಂಡಗೆ ಮಾಡಿದರೆ ಬೇರೆ ವಸ್ತು ಎನಿಸುವುದಿಲ್ಲ.

ಇನ್ನೊಂದು ಪ್ರಶ್ನೆ. ಒಂದೇ ಕೈಯಲ್ಲಿ ಹಾಕುವುದು ಹೇಗೆ ಸಾಧ್ಯವಾಯಿತು?

ಕ್ಲಿಪ್ ತಯಾರಕ
ಒಳಗೆ ಒಂದು ಸಣ್ಣ ಹಲ್ಲಿದೆ. ಹೆಬ್ಬೆರಳಿನಿಂದ ಲಿವರ್ ಒತ್ತಿದಾಗ ಅದು ಓರೆಯಾದ ಜಾಡಿನಲ್ಲಿ ಜಾರಿ ಕೊನೆಯಲ್ಲಿ ಕಚ್ಚಿಕೊಳ್ಳುತ್ತದೆ. ಕೈ ಒದ್ದೆಯಿದ್ದರೂ ನಡೆಯುತ್ತದೆ. ವಿಡಿಯೊದಲ್ಲಿ ಕ್ಲಿಪ್ ಮುಚ್ಚಿಯೇ ಇದೆ, ಹಲ್ಲು ಕಾಣುವುದಿಲ್ಲ.

ಹಕ್ಕುಪತ್ರ
ಹಾಗಿದ್ದರೆ ನಿಮ್ಮ ನಿಜವಾದ ಆಸ್ತಿ ಆ ಹಲ್ಲು ಮತ್ತು ಜಾಡು. ಹೊರರೂಪದ ನೋಂದಣಿ ಗಟ್ಟಿಯಾಗಿದ್ದರೂ, ಇದೇ ಬೀಗವನ್ನು ಬೇರೆ ಆಕಾರದೊಳಗೆ ಕೂರಿಸಿ ಮಾರುವವರನ್ನು ಅದು ತಡೆಯದು. ಅದಕ್ಕೆ ಪೇಟೆಂಟ್ ಬೇಕು. ಕಾಣದಿದ್ದದ್ದು ವಿಡಿಯೊದಿಂದ ಹಳತಾಗಿಲ್ಲ. ಆದರೆ ಕ್ಲಿಪ್ಪನ್ನು ಈಗಾಗಲೇ ಯಾರಿಗಾದರೂ ಮಾರಿದ್ದೀರಾ?

ಕ್ಲಿಪ್ ತಯಾರಕ
ಮಾರಿಲ್ಲ. ಫೆಬ್ರವರಿ ಕೊನೆಯಲ್ಲಿ ಮೂವರು ವಿತರಕರಿಗೆ ಬಳಸಿ ನೋಡಲು ಮಾದರಿ ಕೊಟ್ಟಿದ್ದೆ, ಅಷ್ಟೇ.

ರೇಖಾಚಿತ್ರ
ನನ್ನ ಸಾಬೂನು ಡಬ್ಬಿಯ ಮುಚ್ಚಳವನ್ನೂ ಹೀಗೆಯೇ ಹಂಚಿದ್ದೆ. ನೋಂದಣಿಗೆ ಯಾರೂ ತಕರಾರು ತೆಗೆಯಲಿಲ್ಲ.

ಹಕ್ಕುಪತ್ರ
ಮೇಡಂ, ತಕರಾರು ಬರುವುದು ನೀವು ಇನ್ನೊಬ್ಬರ ಮೇಲೆ ದಾವೆ ಹೂಡಿದ ದಿನ. ಎದುರು ಪಕ್ಷದವರು ಆಗ ಹಳೆಯ ಮಾದರಿಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ಕ್ಲಿಪ್ಪನ್ನು ಬಿಚ್ಚಿದರೆ ಹಲ್ಲು ಕಾಣುತ್ತದೆ. ಗುಟ್ಟಾಗಿಡುವ ಕರಾರಿಲ್ಲದೆ ಒಬ್ಬರ ಕೈಗೆ ಹೋಗಿದ್ದರೂ ಯುರೋಪಿನಲ್ಲಿ ಪೇಟೆಂಟಿಗೆ ಹೊಡೆತ ಬೀಳಬಹುದು. ಅಮೆರಿಕದಲ್ಲಿ ಒಂದು ವರ್ಷದ ಅವಕಾಶವಿದೆ, ಅಂದರೆ ಮಾದರಿ ಕೊಟ್ಟ ದಿನಕ್ಕೆ ವರ್ಷ ತುಂಬುವ ಮೊದಲು, ಈ ಫೆಬ್ರವರಿಯಲ್ಲೇ ಅರ್ಜಿ ಹೋಗಬೇಕು. ಏಪ್ರಿಲ್ 12 ಎಂಬುದು ವಿನ್ಯಾಸಕ್ಕೆ, ಇದು ಪೇಟೆಂಟಿಗೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಕ್ಲಿಪ್ ತಯಾರಕ
ಕಂಪನಿಗೆ ಈಗ ಏನು ಹೇಳಲಿ? ಅವರ ಕರಡಿನಲ್ಲಿ ‘ಜಗತ್ತಿನಾದ್ಯಂತ ಏಕಮಾತ್ರ ಹಕ್ಕು, ನಿವ್ವಳ ಮಾರಾಟದ ಶೇ 4 ರಾಯಧನ, ವಿನ್ಯಾಸ ಊರ್ಜಿತವೆಂದು ಮಾಲೀಕರ ಖಾತರಿ’ ಎಂದಿದೆ.

ಹಕ್ಕುಪತ್ರ
ಖಾತರಿಯ ಸಾಲಿಗೆ ಸಹಿ ಹಾಕಬೇಡಿ, ವರದಿ ಕೈಯಲ್ಲಿಟ್ಟುಕೊಂಡು ಹಾಗೆ ಭರವಸೆ ಕೊಡುವುದು ಅಪಾಯ. ಪರಿಶೀಲನೆ ನಡೆದಿದೆ, ಸಂಖ್ಯೆ ಇನ್ನೂ ಬಂದಿಲ್ಲ ಎಂದು ಬರೆದು ತಿಳಿಸಿ. ಏಕಮಾತ್ರ ಹಕ್ಕನ್ನು ನಿಮ್ಮ ಅರ್ಜಿ ಇರುವ ದೇಶಗಳಿಗಷ್ಟೇ ಕೊಡಿ, ವರ್ಷಕ್ಕೆ ಕನಿಷ್ಠ ಇಷ್ಟು ಕೊಡಲೇಬೇಕು ಎಂಬ ಷರತ್ತು ಸೇರಿಸಿ. ಇಲ್ಲದಿದ್ದರೆ ಅವರು ಒಂದು ಕ್ಲಿಪ್ಪೂ ಮಾಡದೆ ನಿಮ್ಮನ್ನು ಕಟ್ಟಿಹಾಕಬಹುದು, ಏಕಮಾತ್ರ ಹಕ್ಕು ಕೊಟ್ಟ ಮೇಲೆ ನೀವೂ ತಯಾರಿಸುವಂತಿರುವುದಿಲ್ಲ. ‘ನಿವ್ವಳ’ದಿಂದ ಏನೇನು ಕಳೆಯುತ್ತಾರೆ ಎಂಬುದನ್ನೂ ಬರೆಸಿ. ಅಚ್ಚಿನ ನಕ್ಷೆ ಮತ್ತು ತಯಾರಿಕೆಯ ತಿಳಿವಳಿಕೆಗೆ ಬೇರೆ ದರ, ಪೇಟೆಂಟಿಗೆ ಬೇರೆ ದರ ಇರಲಿ. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಿಂಬಲ್ ಎಂಬವರ ಆಟಿಕೆ ಪ್ರಕರಣದಲ್ಲಿ, ಪೇಟೆಂಟ್ ಅವಧಿ ಮುಗಿದ ಮೇಲೆ ಅದಕ್ಕೆಂದು ರಾಯಧನ ಪಡೆಯುವಂತಿಲ್ಲ ಎಂಬ ಹಳೆಯ ನಿಯಮವನ್ನೇ ಎತ್ತಿಹಿಡಿಯಿತು. ಎರಡೂ ಕಲಸಿಹೋಗಿದ್ದರೆ ಪೇಟೆಂಟ್ ಮುಗಿದ ದಿನ ನಿಮ್ಮ ಪಾಲು ಎಷ್ಟು ಎಂಬುದೇ ಜಗಳವಾಗುತ್ತದೆ.

ಅಚ್ಚಿನಮನೆ
ಕನಿಷ್ಠ ಮೊತ್ತ ಕೇಳಿದರೆ ದೊಡ್ಡ ಕಂಪನಿಗಳು ಎದ್ದು ಹೋಗುತ್ತವೆ. ನನ್ನ ಅನುಭವ ಅದು.

ಹಕ್ಕುಪತ್ರ
ಕೆಲವು ಹೋಗುತ್ತವೆ. ಆಗ ಏಕಮಾತ್ರವಲ್ಲದ ಹಕ್ಕು ಕೊಟ್ಟು ಇನ್ನೊಬ್ಬರನ್ನೂ ಹುಡುಕಬಹುದು.

ಕ್ಲಿಪ್ ತಯಾರಕ
ವಿತರಕರಿಗೆ ಕೊಟ್ಟ ಚೀಟಿ ಸಿಕ್ಕಿತು. ‘ಮಾದರಿ, ಮಾರಾಟಕ್ಕಲ್ಲ’ ಎಂದು ಮುದ್ರೆ ಇದೆ. ಇದು ಗುಟ್ಟಿನ ಕರಾರು ಆಗುತ್ತದೆಯೇ?

ಹಕ್ಕುಪತ್ರ
ಅಷ್ಟರಿಂದಲೇ ಆಗುವುದಿಲ್ಲ. ಬಾಯಿಮಾತಿನಲ್ಲಿ ಅಥವಾ ಮಿಂಚಂಚೆಯಲ್ಲಿ ‘ಯಾರಿಗೂ ತೋರಿಸಬೇಡಿ’ ಎಂದಿದ್ದರೆ ವಾದಕ್ಕೆ ನೆಲೆ ಸಿಗುತ್ತದೆ. ಮೂವರನ್ನೂ ಕೇಳಿ: ಬಿಚ್ಚಿ ನೋಡಿದರೇ, ಬೇರೆಯವರ ಕೈಗೆ ಕೊಟ್ಟರೇ, ಮಾದರಿ ಈಗ ಎಲ್ಲಿದೆ? ಆ ಉತ್ತರಗಳೊಡನೆ ಈ ವಾರವೇ ಪೇಟೆಂಟ್ ಏಜೆಂಟರನ್ನು ಕಾಣಿ.

ಕ್ಲಿಪ್ ತಯಾರಕ
ಇಬ್ಬರು ಸಿಕ್ಕಿದರು, ಬಿಚ್ಚಿಲ್ಲ ಎನ್ನುತ್ತಾರೆ. ಮೂರನೆಯವರು ಮಾದರಿಯನ್ನು ಗಿರಾಕಿಯೊಬ್ಬರಿಗೆ ಕೊಟ್ಟಿದ್ದಾರಂತೆ, ಯಾರಿಗೆ ಎಂದು ಅವರಿಗೆ ನೆನಪಿಲ್ಲ.

ರೇಖಾಚಿತ್ರ
ನನ್ನ ಮುಚ್ಚಳಕ್ಕೂ ಪೇಟೆಂಟ್ ಬೇಕೇ ಎಂದು ಯಾರಾದರೂ ಹೇಳುತ್ತೀರಾ?